ಸೊಲಾನದ ಚಾರ್ಟಿನಲ್ಲಿ 120 ಡಾಲರ್ ಎಂಬುದು ಎಲ್ಲಿದೆ?

2024ರ ಆಗಸ್ಟ್ 5, ಸೋಮವಾರ. ಜಪಾನಿನ ನಿಕ್ಕೈ ಸೂಚ್ಯಂಕ ಅಂದು ಒಂದೇ ದಿನದಲ್ಲಿ ಶೇ 12ಕ್ಕಿಂತ ಹೆಚ್ಚು ಕುಸಿಯಿತು. ಅದಕ್ಕೆ ಕೆಲವೇ ದಿನ ಮೊದಲು ಅಲ್ಲಿನ ಕೇಂದ್ರ ಬ್ಯಾಂಕ್ ಬಡ್ಡಿದರ ಏರಿಸಿತ್ತು. ಅಗ್ಗದ ಬಡ್ಡಿಗೆ ಯೆನ್ ಸಾಲ ತಂದು ಜಗತ್ತಿನ ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಹೂಡಿದ್ದವರು ಸಾಲ ತೀರಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಮಾರತೊಡಗಿದರು. ಆ ಹೊಡೆತ ಕ್ರಿಪ್ಟೊ ಪೇಟೆಗೂ ತಗುಲಿತು. ಬಿಟ್‌ಕಾಯಿನ್ ಬಿಟ್ಟು ಉಳಿದ ನಾಣ್ಯಗಳನ್ನು ಆಲ್ಟ್‌ಕಾಯಿನ್ ಎನ್ನುತ್ತಾರೆ. ಅವುಗಳಲ್ಲಿ ದೊಡ್ಡವುಗಳಲ್ಲಿ ಒಂದಾದ ಸೊಲಾನ ಹಿಂದಿನ ವಾರವಷ್ಟೇ 190 ಡಾಲರ್ ದಾಟಿತ್ತು, ಅಂದು ಸುಮಾರು 110 ಡಾಲರಿನವರೆಗೆ ಬಿತ್ತು. ದಿನ ಮುಗಿಯುವ ಹೊತ್ತಿಗೆ ಮತ್ತೆ 130ರ ಆಸುಪಾಸಿಗೆ ಬಂದು ನಿಂತಿತು.

ಆ ವರ್ಷ ಸೊಲಾನದ ಚಾರ್ಟ್ ನೋಡುತ್ತಿದ್ದ ಬಹಳ ಜನರ ಪರದೆಯ ಮೇಲೆ 120 ಡಾಲರಿಗೆ ಒಂದು ಗೆರೆ ಇತ್ತು. ಬೆಲೆ ಅಲ್ಲಿಯವರೆಗೆ ಇಳಿದಾಗಲೆಲ್ಲ ಕೊಳ್ಳುವವರು ಬರುತ್ತಿದ್ದರು, ಬೆಲೆ ಮೇಲೇಳುತ್ತಿತ್ತು. ಇಂಥ ಜಾಗಕ್ಕೆ ಸಪೋರ್ಟ್ ಅಥವಾ ಬೆಂಬಲ ಮಟ್ಟ ಎನ್ನುತ್ತಾರೆ. ಏರುತ್ತಾ ಹೋದ ಬೆಲೆ ಮಾರುವವರ ಕೈಗೆ ಸಿಕ್ಕು ಹಿಂದೆ ಬೀಳುವ ಜಾಗ ರೆಸಿಸ್ಟೆನ್ಸ್, ಅಂದರೆ ಪ್ರತಿರೋಧ ಮಟ್ಟ. 120ಕ್ಕೆ ಗೆರೆ ಎಳೆದು, 119ಕ್ಕೆ ಸ್ಟಾಪ್ ಲಾಸ್ ಇಟ್ಟವರ ನಾಣ್ಯ ಆಗಸ್ಟ್ 5ರಂದು ನಷ್ಟಕ್ಕೆ ಮಾರಾಟವಾಯಿತು. ಕೆಲವೇ ಗಂಟೆಗಳಲ್ಲಿ ಬೆಲೆ ಅವರ ಗೆರೆಯ ಮೇಲಕ್ಕೆ ವಾಪಸು ಬಂತು. ಕೊಳ್ಳುವವರು ಇದ್ದೇ ಇದ್ದರು, ಆದರೆ ಅವರು 120 ಎಂಬ ಒಂದು ಅಂಕಿಯ ಮೇಲೆ ಸಾಲಾಗಿ ನಿಂತಿರಲಿಲ್ಲ.

ಅವರು ಹಾಗೆ ನಿಲ್ಲುವುದೂ ಇಲ್ಲ. ಬೆಂಬಲ ಎಂದರೆ ಕೊಳ್ಳಲು ಮನಸ್ಸು ಮಾಡಿದವರ ಆರ್ಡರುಗಳು ದಟ್ಟವಾಗಿರುವ ಜಾಗ, ಅಷ್ಟೇ. ಒಬ್ಬರಿಗೆ 130 ಅಗ್ಗವೆನಿಸಿ ಅಲ್ಲೇ ಕೊಳ್ಳುತ್ತಾರೆ. ಹಿಂದಿನ ಸಲ 125ಕ್ಕೆ ಬಂದಾಗ ಕೈತಪ್ಪಿಸಿಕೊಂಡವರು ಅದೇ ಬೆಲೆಗೆ ಕಾಯುತ್ತಾರೆ. ಎಲ್ಲರೂ 120 ಎನ್ನುತ್ತಾರೆಂದು ಸ್ವಲ್ಪ ಮುಂದಾಲೋಚಿಸುವವರು 121ಕ್ಕೇ ಆರ್ಡರ್ ಹಾಕುತ್ತಾರೆ. ದೊಡ್ಡ ಮೊತ್ತದವರು ಒಂದೇ ಬೆಲೆಗೆ ಕೊಳ್ಳಲು ಹೋದರೆ ತಾವೇ ಬೆಲೆ ಏರಿಸಿದಂತಾಗುತ್ತದೆ, ಹಾಗಾಗಿ ಅವರು 128ರಿಂದ 118ರವರೆಗೆ ತುಂಡು ತುಂಡಾಗಿ ಹಂಚಿಡುತ್ತಾರೆ. ಇವರೆಲ್ಲರನ್ನೂ ಸೇರಿಸಿ ನೋಡಿದರೆ ಕಾಣುವುದು ಹತ್ತು ಹನ್ನೆರಡು ಡಾಲರ್ ಅಗಲದ ಒಂದು ವಲಯ. ಟ್ರೇಡರ್‌ಗಳ ಬಾಯಲ್ಲಿ ಅದು ಝೋನ್.

ಇನ್ನೊಂದು ಕಾರಣವೂ ಇದೆ. ಷೇರಿಗಾದರೆ ಎನ್‌ಎಸ್‌ಇಯಂಥ ಒಂದು ಮುಖ್ಯ ಪೇಟೆ ಇರುತ್ತದೆ, ದಿನದ ಕನಿಷ್ಠ ಬೆಲೆ ಎಂದರೆ ಎಲ್ಲರೂ ಅದನ್ನೇ ಒಪ್ಪುತ್ತಾರೆ. ಸೊಲಾನ ಮಾತ್ರ ಹತ್ತಾರು ಎಕ್ಸ್‌ಚೇಂಜ್‌ಗಳಲ್ಲಿ ಒಟ್ಟೊಟ್ಟಿಗೆ ವಹಿವಾಟಾಗುತ್ತದೆ. ಬೈನಾನ್ಸ್‌ನ `SOLUSDT` ಚಾರ್ಟನ್ನೂ ಕಾಯಿನ್‌ಬೇಸ್‌ನ `SOLUSD` ಚಾರ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಶಾಂತ ದಿನಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಗಾಬರಿಯ ದಿನಗಳಲ್ಲಿ ಮಾತ್ರ ಎರಡರ ತಳ ಬೇರೆ ಬೇರೆ. 120.00 ಎಂದು ನಿಖರವಾಗಿ ಎಳೆದ ಗೆರೆ ಒಂದು ಚಾರ್ಟಿನಲ್ಲಿ ಉಳಿದು ಇನ್ನೊಂದರಲ್ಲಿ ಮುರಿದಿದ್ದರೆ ಯಾವುದನ್ನು ನಂಬುವುದು? ಅಳತೆಯ ಸಾಧನವೇ ಒಂದೆರಡು ಡಾಲರ್ ಆಚೀಚೆ ತೋರಿಸುವಾಗ ದಶಮಾಂಶದವರೆಗಿನ ಗೆರೆಗೆ ಅರ್ಥವಿಲ್ಲ.

ಆದರೂ ಬೆಲೆ ವಲಯವನ್ನೂ ಸೀಳಿಕೊಂಡು 110ರವರೆಗೆ ಹೋದದ್ದು ಏಕೆ? ಇದನ್ನು ತಿಳಿಯಲು ಸಾಲದ ವ್ಯವಹಾರ ನೋಡಬೇಕು. ಕ್ರಿಪ್ಟೊದಲ್ಲಿ ಫ್ಯೂಚರ್ಸ್ ವಹಿವಾಟು ದೊಡ್ಡದು. ಅಲ್ಲಿ 1,000 ಡಾಲರ್ ಇಟ್ಟು 10,000 ಡಾಲರಿನ ಸೊಲಾನ ಕೊಳ್ಳಬಹುದು. ಬೆಲೆ ಶೇ 10ರಷ್ಟು ಬಿದ್ದರೆ ಇಟ್ಟ ಹಣವೆಲ್ಲ ಕರಗುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ಎಕ್ಸ್‌ಚೇಂಜ್ ಯಾರನ್ನೂ ಕೇಳದೆ ಆ ನಾಣ್ಯವನ್ನು ಸಿಕ್ಕಿದ ಬೆಲೆಗೆ ಮಾರುತ್ತದೆ. ಇದು ಲಿಕ್ವಿಡೇಶನ್. ಹೀಗೆ ಬಲವಂತವಾಗಿ ಮಾರಿದ ನಾಣ್ಯಗಳು ಬೆಲೆಯನ್ನು ಇನ್ನಷ್ಟು ಕೆಳಗೆ ತಳ್ಳುತ್ತವೆ. ಆ ಇಳಿಕೆ ಮತ್ತೊಂದು ಗುಂಪಿನ ಸಾಲಗಾರರ ಮಿತಿಯನ್ನು ಮುಟ್ಟುತ್ತದೆ, ಅವರದ್ದೂ ಮಾರಾಟವಾಗುತ್ತದೆ. ಗೆರೆಯ ಕೆಳಗೆ ಸ್ಟಾಪ್ ಲಾಸ್ ಇಟ್ಟವರ ನಾಣ್ಯಗಳೂ ಇದೇ ಹೊತ್ತಿಗೆ ಪೇಟೆಗೆ ಬಂದು ಬೀಳುತ್ತವೆ. ಇತ್ತ ಕೊಳ್ಳಲು ಆರ್ಡರ್ ಇಟ್ಟಿದ್ದವರಲ್ಲಿ ಅನೇಕರು ಹೆದರಿ ಹಿಂತೆಗೆದುಕೊಂಡಿರುತ್ತಾರೆ. ಕೆಲವು ನಿಮಿಷಗಳ ಮಟ್ಟಿಗೆ ಬೆಲೆಗೂ ಕೊಳ್ಳುವವರ ನಿಜವಾದ ಅಂದಾಜಿಗೂ ಸಂಬಂಧವೇ ಇರುವುದಿಲ್ಲ. ಬಲವಂತದ ಮಾರಾಟ ಮುಗಿದ ಮೇಲೆ ಮಾರುವವರು ಉಳಿದಿರುವುದಿಲ್ಲ, ಬೆಲೆ ಪುಟಿದೇಳುತ್ತದೆ. ಕ್ಯಾಂಡಲ್ ಚಾರ್ಟಿನಲ್ಲಿ ಇದು ದಪ್ಪ ದೇಹದ ಕೆಳಗೆ ಉದ್ದಕ್ಕೆ ಇಳಿದ ಸಣ್ಣ ಗೆರೆಯಾಗಿ ಉಳಿಯುತ್ತದೆ. ಅದನ್ನು ವಿಕ್ ಎನ್ನುತ್ತಾರೆ.

ಆಲ್ಟ್‌ಕಾಯಿನ್‌ಗಳಲ್ಲಿ ಇಂಥ ವಿಕ್‌ಗಳು ಬಿಟ್‌ಕಾಯಿನ್‌ಗಿಂತ ಉದ್ದ. ಅವುಗಳ ಆರ್ಡರ್ ಬುಕ್ ತೆಳು, ಪೇಟೆಗೆ ರಜೆಯೂ ಇಲ್ಲ. 2024ರ ಏಪ್ರಿಲ್ 13ರ ಶನಿವಾರ ರಾತ್ರಿ ಇರಾನ್ ಇಸ್ರೇಲಿನ ಮೇಲೆ ಡ್ರೋನು, ಕ್ಷಿಪಣಿಗಳ ದಾಳಿ ಆರಂಭಿಸಿದಾಗ ಜಗತ್ತಿನ ಬಹುತೇಕ ಷೇರುಪೇಟೆಗಳು ಮುಚ್ಚಿದ್ದವು. ಹೆದರಿದವರಿಗೆ ತಕ್ಷಣ ಮಾರಲು ತೆರೆದಿದ್ದದ್ದು ಕ್ರಿಪ್ಟೊ ಪೇಟೆ. ಸೊಲಾನ ಅಂದು 150ರ ಮೇಲಿಂದ ಸುಮಾರು 116ರವರೆಗೆ ಇಳಿದು ಹಿಂದಿರುಗಿತು.

ಈಗ ವಲಯ ಎಳೆಯುವ ಕೆಲಸಕ್ಕೆ ಬರೋಣ. ನಡೆದು ಮುಗಿದ ಚಾರ್ಟಿನ ಮೇಲೆ ಎಳೆದರೆ ಯಾವ ವಲಯವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ 2024ರ ಜುಲೈ ಎರಡನೇ ವಾರದಲ್ಲಿ ಕುಳಿತಿದ್ದೇವೆ ಎಂದಿಟ್ಟುಕೊಂಡು, ಅಲ್ಲಿಯವರೆಗೆ ಗೊತ್ತಿದ್ದಷ್ಟನ್ನೇ ಬಳಸೋಣ. ಆಗಸ್ಟ್ ಇನ್ನೂ ಬಂದಿಲ್ಲ.

ಮೊದಲು ವಾರದ ಚಾರ್ಟ್ ತೆರೆಯಬೇಕು. ಗಂಟೆಯ ಚಾರ್ಟಿನಲ್ಲಿ ಎಲ್ಲೆಲ್ಲೂ ಬೆಂಬಲ ಇದ್ದಂತೆ ಕಂಡು ದಾರಿ ತಪ್ಪುತ್ತದೆ. ವಾರದ ಚಾರ್ಟಿನಲ್ಲಿ ಆ ವರ್ಷದ ಚಿತ್ರ ಸರಳವಾಗಿತ್ತು. ಮಾರ್ಚ್ ಮಧ್ಯದಲ್ಲಿ ಬೆಲೆ 210ರ ಸಮೀಪ ಹೋಗಿ, ನಂತರ ಇಳಿದು, 120 ಚಿಲ್ಲರೆಯಿಂದ 190ರ ನಡುವೆ ಓಲಾಡುತ್ತಿತ್ತು. ತಳ ಎಲ್ಲಿದೆ ಎಂಬುದು ಇಷ್ಟರಿಂದಲೇ ಸ್ಥೂಲವಾಗಿ ತಿಳಿಯುತ್ತದೆ. ಆಮೇಲೆ ದಿನದ ಚಾರ್ಟಿಗೆ ಇಳಿಯಬೇಕು.

ದಿನದ ಚಾರ್ಟಿನಲ್ಲಿ ಬೆಲೆ ತಳ ಮುಟ್ಟಿ ಮೇಲೆದ್ದ ದಿನಗಳನ್ನು ಗುರುತು ಮಾಡೋಣ. ಏಪ್ರಿಲ್ 13ರಂದು ಸುಮಾರು 116, ಮೇ 1ರಂದು ಸುಮಾರು 118, ಜೂನ್ ಕೊನೆ ಮತ್ತು ಜುಲೈ ಮೊದಲ ವಾರದಲ್ಲಿ 121, 122ರ ಸುತ್ತ. ಇವು ವಿಕ್‌ಗಳ ತುದಿ. ಆದರೆ ದಿನದ ಮುಕ್ತಾಯದ ಬೆಲೆ ನೋಡಿದರೆ ಕಥೆ ಬೇರೆ. ಇಡೀ ಅವಧಿಯಲ್ಲಿ ಅತಿ ಕೆಳಗಿನ ಮುಕ್ತಾಯಗಳು 126ರಿಂದ 130ರ ಸುತ್ತಮುತ್ತ ಇವೆ. ಅಂದರೆ ಬೆಲೆ ಆಗಾಗ 118, 120ಕ್ಕೆ ಇಣುಕಿ ನೋಡಿದರೂ ಅಲ್ಲಿ ರಾತ್ರಿ ಕಳೆದಿಲ್ಲ.

ವಲಯದ ಎರಡು ಅಂಚುಗಳೂ ಇಲ್ಲೇ ಸಿಕ್ಕವು. ಕೆಳಗಿನ ಮುಕ್ತಾಯಗಳು ಗುಂಪಾಗಿರುವ ಕಡೆ ಮೇಲಿನ ಅಂಚು, ವಿಕ್‌ಗಳ ತುದಿಗಳು ಗುಂಪಾಗಿರುವ ಕಡೆ ಕೆಳಗಿನ ಅಂಚು. ನಾನಾದರೆ 118ರಿಂದ 130ರವರೆಗೆ ಆಯತ ಎಳೆಯುತ್ತೇನೆ. ಏಪ್ರಿಲ್ 13ರ 116ನ್ನು ಒಳಗೆ ಸೇರಿಸಿಕೊಳ್ಳಲೆಂದು ಅಂಚನ್ನು ಎಳೆದು ಹಿಗ್ಗಿಸುವುದಿಲ್ಲ. ಅದು ಯುದ್ಧದ ಸುದ್ದಿಗೆ ಬೆದರಿದ ಒಂದು ರಾತ್ರಿಯ ಬೆಲೆ, ಆಮೇಲಿನ ಯಾವ ಇಳಿತವೂ ಆವರೆಗೆ ಅಲ್ಲಿಗೆ ಹೋಗಿರಲಿಲ್ಲ. ಇನ್ನೊಬ್ಬರು 116ರಿಂದಲೇ ಎಳೆಯಬಹುದು, ಅದರಲ್ಲಿ ದೊಡ್ಡ ತಪ್ಪೇನಿಲ್ಲ. ಆದರೆ ಒಂಟಿ ವಿಕ್ ಒಂದಕ್ಕಾಗಿ ವಲಯವನ್ನು ಹತ್ತು ಡಾಲರ್ ಹಿಗ್ಗಿಸುವುದನ್ನು ನಾನು ಒಪ್ಪುವುದಿಲ್ಲ.

ದಿನದ ಮುಕ್ತಾಯ ಎಂದೆ. ರಜೆಯೇ ಇಲ್ಲದ ಪೇಟೆಗೆ ಮುಕ್ತಾಯ ಎಲ್ಲಿಯದು? ಹೆಚ್ಚಿನ ಚಾರ್ಟುಗಳು ಗ್ರೀನಿಚ್ ಸಮಯದ ಮಧ್ಯರಾತ್ರಿಗೆ ಒಂದು ಕ್ಯಾಂಡಲ್ ಮುಗಿಸಿ ಇನ್ನೊಂದನ್ನು ಶುರುಮಾಡುತ್ತವೆ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ ಐದೂವರೆ. ರಾತ್ರಿ ಹನ್ನೊಂದಕ್ಕೆ ಚಾರ್ಟ್ ನೋಡಿ ‘ಬೆಂಬಲ ಮುರಿಯಿತು’ ಎಂದು ನಿರ್ಧರಿಸುವವರು ಆರೂವರೆ ಗಂಟೆ ಬಾಕಿ ಇರುವ ಕ್ಯಾಂಡಲನ್ನು ನೋಡುತ್ತಿರುತ್ತಾರೆ. ಅಮೆರಿಕದ ಷೇರುಪೇಟೆ ನಡೆಯುವುದು ಬಹುಪಾಲು ಅದೇ ಹೊತ್ತಿನಲ್ಲಿ, ಹಾಗಾಗಿ ದೊಡ್ಡ ಏರಿಳಿತಗಳಲ್ಲಿ ಅನೇಕವು ನಮ್ಮ ಸಂಜೆಗೂ ಬೆಳಗಿಗೂ ನಡುವೆಯೇ ಆಗುತ್ತವೆ.

ಇನ್ನು ಅಗಲ. ಎಳೆದ ವಲಯ ತೀರಾ ಕಿರಿದೋ, ತೀರಾ ಅಗಲವೋ ಎಂದು ತಿಳಿಯಲು ಆ ನಾಣ್ಯದ ದಿನನಿತ್ಯದ ಏರಿಳಿತದ ಜೊತೆ ಹೋಲಿಸಬೇಕು. ಅದಕ್ಕೆ ಒಳ್ಳೆಯ ಅಳತೆಗೋಲು ಎಟಿಆರ್, ಅಂದರೆ ಆವರೇಜ್ ಟ್ರೂ ರೇಂಜ್. ಅಮೆರಿಕದ ವೆಲ್ಲೆಸ್ ವೈಲ್ಡರ್ ಇದನ್ನು 1978ರ ತಮ್ಮ ಪುಸ್ತಕದಲ್ಲಿ ಪರಿಚಯಿಸಿದರು. ಒಂದು ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಂತರ, ಹಿಂದಿನ ದಿನದ ಮುಕ್ತಾಯದಿಂದ ಇಂದಿನ ಗರಿಷ್ಠಕ್ಕಿರುವ ಅಂತರ, ಅದೇ ಮುಕ್ತಾಯದಿಂದ ಇಂದಿನ ಕನಿಷ್ಠಕ್ಕಿರುವ ಅಂತರ, ಈ ಮೂರರಲ್ಲಿ ದೊಡ್ಡದನ್ನು ತೆಗೆದುಕೊಂಡು ಸಾಮಾನ್ಯವಾಗಿ 14 ದಿನಗಳ ಸರಾಸರಿ ಕಾಣುತ್ತಾರೆ. ಕೈಯಲ್ಲಿ ಲೆಕ್ಕ ಹಾಕಬೇಕಿಲ್ಲ, ಯಾವ ಚಾರ್ಟಿನಲ್ಲೂ `ATR` ಎಂದು ಹುಡುಕಿದರೆ ಸಿಗುತ್ತದೆ. 2024ರ ನಡುವಿನ ತಿಂಗಳುಗಳಲ್ಲಿ ಸೊಲಾನಕ್ಕೆ ಇದು ಹೆಚ್ಚುಕಡಿಮೆ 10 ಡಾಲರ್. ಏನೂ ವಿಶೇಷವಿಲ್ಲದ ದಿನದಲ್ಲೂ ಬೆಲೆ ಅಷ್ಟು ದೂರ ಓಡಾಡುತ್ತಿತ್ತು ಎಂದರ್ಥ. ಹೀಗಿರುವಾಗ 119 ಮತ್ತು 120ರ ನಡುವಿನ ಒಂದು ಡಾಲರಿಗೆ ಯಾವ ಬೆಲೆಯೂ ಇಲ್ಲ. ನಾವು ಎಳೆದ ವಲಯದ ಅಗಲ 12 ಡಾಲರ್, ಎಟಿಆರ್‌ಗಿಂತ ತುಸು ಹೆಚ್ಚು. ಇದು ಸರಿಯಾದ ಅಳತೆ. ಅರ್ಧ ಎಟಿಆರ್‌ಗಿಂತ ಕಡಿಮೆಯಾದರೆ ಅದು ದಪ್ಪ ಗೆರೆಯಷ್ಟೇ. ಎರಡು ಎಟಿಆರ್ ದಾಟಿದರೆ ವಲಯ ಸಡಿಲಾಗಿದೆ ಎಂದೇ ತಿಳಿಯಬೇಕು.

ವಲಯ ಎಳೆಯುವವರು ಹೆಚ್ಚಾಗಿ ಎಡವುವುದು ಇಲ್ಲಿ. 100ರಿಂದ 140ರವರೆಗೆ ಆಯತ ಎಳೆದರೆ ಅದು ಎಂದೂ ತಪ್ಪಾಗುವುದಿಲ್ಲ. ಬೆಲೆ ಎಲ್ಲಿ ತಿರುಗಿದರೂ ‘ನೋಡಿ, ವಲಯದಲ್ಲೇ ತಿರುಗಿತು’ ಎನ್ನಬಹುದು. ಆದರೆ ಎಲ್ಲಿ ಕೊಳ್ಳಬೇಕು, ಎಲ್ಲಿ ಕೈಬಿಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಬೆಲೆ ಯಾವ ಅಂಕಿಗೆ ಬಂದರೆ ನನ್ನ ಅಂದಾಜು ತಪ್ಪು ಎಂದು ಒಪ್ಪುತ್ತೇನೆ? ವಲಯ ಎಳೆದ ದಿನವೇ ಇದಕ್ಕೆ ಉತ್ತರ ಬರೆದಿಡಬೇಕು.

ಸ್ಕೇಲಿನ ಬಗ್ಗೆಯೂ ಒಂದು ಮಾತು. ಸೊಲಾನ 2021ರ ನವೆಂಬರಿನಲ್ಲಿ ಸುಮಾರು 260 ಡಾಲರ್ ಇತ್ತು. ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಮುಳುಗಿದ ಮೇಲೆ, 2022ರ ಡಿಸೆಂಬರ್ ಕೊನೆಯಲ್ಲಿ, 8 ಡಾಲರಿನ ಸಮೀಪ ಇಳಿಯಿತು. ಇಂಥ ಏರಿಳಿತವನ್ನು ಸಾಮಾನ್ಯ ಸ್ಕೇಲಿನಲ್ಲಿ ನೋಡಿದರೆ 8 ಡಾಲರಿನ ಸುತ್ತ ನಡೆದದ್ದೆಲ್ಲ ನೆಲಕ್ಕಂಟಿದ ಒಂದು ಗೆರೆಯಂತೆ ಕಾಣುತ್ತದೆ. ಲಾಗ್ ಸ್ಕೇಲಿಗೆ ಬದಲಿಸಿದರೆ ಶೇಕಡಾವಾರು ಏರಿಳಿತ ಒಂದೇ ಎತ್ತರದಲ್ಲಿ ಕಾಣುತ್ತದೆ. 120ರ ಸುತ್ತ 12 ಡಾಲರ್ ಎಂದರೆ ಶೇ 10. 2023ರ ಮೊದಲರ್ಧದಲ್ಲಿ ಬೆಲೆಯನ್ನು ಪದೇ ಪದೇ ತಡೆದ ಪ್ರತಿರೋಧ 26 ಡಾಲರಿನ ಸುತ್ತ ಇತ್ತು. ಅಲ್ಲಿ ಶೇ 10 ಎಂದರೆ ಎರಡೂವರೆ ಡಾಲರ್ ಮಾತ್ರ. ಡಾಲರ್ ಲೆಕ್ಕದಲ್ಲಿ ಒಂದೇ ಅಗಲದ ವಲಯವನ್ನು ಎಲ್ಲ ಕಡೆಗೂ ಹಾಕುವವರು ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ ಮಾಡಿರುತ್ತಾರೆ.

ನಮ್ಮ ಜುಲೈನ ವಲಯ ಮುಂದೆ ಏನಾಯಿತು? ಆಗಸ್ಟ್ 5ರಂದು ವಿಕ್ ಅದನ್ನು ಸೀಳಿ 110ಕ್ಕೆ ಹೋಯಿತು, ಮುಕ್ತಾಯ ಮಾತ್ರ ವಲಯದ ಮೇಲಿನ ಅಂಚಿನ ಹತ್ತಿರವೇ ಆಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಲೆ ಮತ್ತೆ 120ರವರೆಗೆ ಬಂತು, ಆಗಲೂ ಮುಕ್ತಾಯಗಳು ವಲಯದೊಳಗೆ, ಮೇಲಿನ ಅಂಚಿನ ಕಡೆಗೇ ಉಳಿದವು. ಅಲ್ಲಿಂದ ಬೆಲೆ ಮೇಲೇರಿ, ನವೆಂಬರಿನಲ್ಲಿ ಅಮೆರಿಕದ ಚುನಾವಣೆಯ ನಂತರ 2021ರ ದಾಖಲೆಯನ್ನೂ ದಾಟಿತು.

ಹಾಗೆಂದು ವಲಯ ಎಳೆದವರಿಗೆಲ್ಲ ಆಗಸ್ಟ್ 5ರಂದು ಒಳ್ಳೆಯದಾಯಿತು ಎಂದಲ್ಲ. ಲೆಕ್ಕ ಹಾಕಿ ನೋಡೋಣ. ವಲಯದೊಳಗೆ 126ಕ್ಕೆ ಕೊಂಡವರು ಸ್ಟಾಪ್ ಲಾಸ್ ಎಲ್ಲಿ ಇಡಬೇಕು? ಕೆಳಗಿನ ಅಂಚಿಗಿಂತ ಅರ್ಧ ಎಟಿಆರ್ ಕೆಳಗೆ ಎಂಬುದು ಹಲವರು ಪಾಲಿಸುವ ಕ್ರಮ. 118ರಿಂದ 5 ಕಳೆದರೆ 113. ಆಗಸ್ಟ್ 5ರ ವಿಕ್ ಅದನ್ನೂ ಮುಟ್ಟಿಬಿಡುತ್ತಿತ್ತು! ಸ್ಟಾಪ್ ಇಡದೆ ದಿನದ ಮುಕ್ತಾಯ ನೋಡಿಯೇ ನಿರ್ಧರಿಸುತ್ತೇನೆ ಎಂದುಕೊಂಡವರು ಮಾತ್ರ ಉಳಿದುಕೊಳ್ಳುತ್ತಿದ್ದರು. ಆದರೆ ಆ ಕ್ರಮಕ್ಕೂ ಬೆಲೆ ತೆರಬೇಕಾಗುತ್ತದೆ. ಮುಕ್ತಾಯದವರೆಗೆ ಕಾಯುವವರಿಗೆ ನಷ್ಟ ಎಷ್ಟರಲ್ಲಿ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಸಾಲದ ಫ್ಯೂಚರ್ಸ್‌ನಲ್ಲಿರುವವರಂತೂ ಹಾಗೆ ಕಾಯಲಾರರು, ಅಷ್ಟರಲ್ಲಿ ಎಕ್ಸ್‌ಚೇಂಜೇ ಅವರದನ್ನು ಮಾರಿರುತ್ತದೆ. ಪೂರ್ತಿ ಹಣ ಕೊಟ್ಟು ಕೊಂಡವರಿಗೆ ಮಾತ್ರ ಈ ದಾರಿ ಇದೆ.

ಅದಕ್ಕಿಂತ ಮುಖ್ಯವಾದದ್ದು ಎಷ್ಟು ಕೊಳ್ಳಬೇಕು ಎಂಬುದು. ಒಬ್ಬರ ಬಳಿ 1 ಲಕ್ಷ ರೂಪಾಯಿ ಇದೆ, ಒಂದು ವಹಿವಾಟಿನಲ್ಲಿ 1,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಲು ಅವರು ತಯಾರಿಲ್ಲ ಎನ್ನಿ. 126ಕ್ಕೆ ಕೊಂಡು ಗೆರೆಯ ಕೆಳಗೆ 119ಕ್ಕೆ ಸ್ಟಾಪ್ ಇಟ್ಟರೆ ದೂರ ಶೇ 5.5ರಷ್ಟು. ಆಗ ಸುಮಾರು 18,000 ರೂಪಾಯಿಯ ನಾಣ್ಯ ಕೊಳ್ಳಬಹುದು. ವಲಯದ ಕೆಳಗೆ 113ಕ್ಕೆ ಇಟ್ಟರೆ ದೂರ ಶೇ 10ಕ್ಕಿಂತ ಸ್ವಲ್ಪ ಹೆಚ್ಚು, ಕೊಳ್ಳಬಹುದಾದದ್ದು 9,700 ರೂಪಾಯಿಯಷ್ಟು. ಸ್ಟಾಪ್ ತಗುಲಿದರೆ ಎರಡರಲ್ಲೂ ನಷ್ಟ ಅದೇ 1,000. ವಲಯ ಬಳಸುವವರು ಚಿಕ್ಕ ಮೊತ್ತ ಕೊಳ್ಳಲೇಬೇಕು. ಬಹಳಷ್ಟು ಜನ ವಲಯದ ಅಗಲವನ್ನು ಒಪ್ಪಿಕೊಳ್ಳುತ್ತಾರೆ, ಮೊತ್ತವನ್ನು ಮಾತ್ರ ಹಳೆಯದನ್ನೇ ಇಡುತ್ತಾರೆ. ಆಗ ನಷ್ಟ ಇಮ್ಮಡಿಯಾಗುತ್ತದೆ, ವಲಯವೇ ಸರಿಯಿಲ್ಲ ಎಂದು ದೂರುತ್ತಾರೆ. ಸ್ಟಾಪ್ ಆರ್ಡರ್ ಕೂಡ ಬರೆದ ಬೆಲೆಗೇ ಮಾರಾಟವಾಗುತ್ತದೆ ಎಂಬ ಭರವಸೆ ಇಲ್ಲ. ಬೆಲೆ ಕೊಚ್ಚಿಕೊಂಡು ಹೋಗುವಾಗ 113ರ ಸ್ಟಾಪ್ 111ಕ್ಕೆ ಮಾರಾಟವಾಗಬಹುದು.

ವಲಯ ನಿಜವಾಗಿ ಮುರಿಯುವುದು ಹೇಗಿರುತ್ತದೆ ಎಂಬುದನ್ನು 2025ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನೋಡಬಹುದು. ಜನವರಿಯಲ್ಲಿ 290 ದಾಟಿದ್ದ ಸೊಲಾನ ಮಾರ್ಚ್ ಹೊತ್ತಿಗೆ ಮತ್ತೆ ಇದೇ ವಲಯಕ್ಕೆ ಬಂದಿತ್ತು. ಈ ಸಲ ಪರಿಸ್ಥಿತಿ ಬದಲಾಗಿತ್ತು. ಮುಳುಗಿದ ಎಫ್‌ಟಿಎಕ್ಸ್‌ನ ಬಳಿ ಇದ್ದ ಸೊಲಾನದಲ್ಲಿ ಒಂದು ಭಾಗವನ್ನು ದೊಡ್ಡ ಹೂಡಿಕೆದಾರರು ಹರಾಜಿನಲ್ಲಿ ಸುಮಾರು 64 ಡಾಲರಿಗೆ ಕೊಂಡಿದ್ದರು. ಹರಾಜಿಗೆ ಹೋದ ನಾಣ್ಯಗಳಲ್ಲಿ 1 ಕೋಟಿಗೂ ಹೆಚ್ಚು ಮಾರ್ಚ್ 1ರಂದು ಮಾರಾಟಕ್ಕೆ ಮುಕ್ತವಾದವು. 64ಕ್ಕೆ ಕೊಂಡವರಿಗೆ 130 ಎಂದರೆ ಇಮ್ಮಡಿ ಲಾಭ. ಹಿಂದಿನ ವರ್ಷ ಅದೇ ಬೆಲೆಯನ್ನು ಅಗ್ಗವೆಂದು ಕೊಂಡವರ ಎದುರು ಈಗ ಹೊಸ ಮಾರಾಟಗಾರರು ನಿಂತಿದ್ದರು. ಆಲ್ಟ್‌ಕಾಯಿನ್‌ಗಳಲ್ಲಿ ಇದು ಸಾಮಾನ್ಯ, ಸ್ಥಾಪಕರಿಗೂ ಆರಂಭದ ಹೂಡಿಕೆದಾರರಿಗೂ ಕೊಟ್ಟ ನಾಣ್ಯಗಳು ಕಂತುಕಂತಾಗಿ ಬಿಡುಗಡೆಯಾಗುತ್ತಿರುತ್ತವೆ. ಪೇಟೆಯಲ್ಲಿರುವ ನಾಣ್ಯಗಳ ಸಂಖ್ಯೆಯೇ ಬದಲಾದಾಗ ಹಳೆಯ ವಲಯವನ್ನು ಹಳೆಯ ಬಲದಲ್ಲೇ ನಂಬಬಾರದು. ಪಟ್ಟಿಯಾಗಿ ನಾಲ್ಕೇ ತಿಂಗಳಾದ ನಾಣ್ಯದಲ್ಲಿ ವಲಯ ಹುಡುಕುವುದೂ ವ್ಯರ್ಥ, ಅಲ್ಲಿ ನೆನಪಿಟ್ಟುಕೊಳ್ಳುವಷ್ಟು ವಹಿವಾಟು ಇನ್ನೂ ನಡೆದಿರುವುದಿಲ್ಲ.

ಮಾರ್ಚ್ 10ರಂದು ಮುಕ್ತಾಯ ಸುಮಾರು 118ಕ್ಕೆ, ಸರಿಯಾಗಿ ಕೆಳಗಿನ ಅಂಚಿಗೆ ಬಂತು. ಮಾರನೆಯ ದಿನ ವಿಕ್ 112ರವರೆಗೆ ಹೋಗಿ ಬೆಲೆ ವಲಯದೊಳಗೆ ಮರಳಿತು. ಇದನ್ನು ಮುರಿತ ಎನ್ನಲಾಗದು, ಆದರೆ ಎಚ್ಚರಿಕೆ ಎನ್ನಲೇಬೇಕು. 2024ರ ಏಪ್ರಿಲ್ ನಂತರ ಮುಕ್ತಾಯಗಳು 126ಕ್ಕಿಂತ ಕೆಳಗೆ ಬರುತ್ತಿರಲಿಲ್ಲ, ಈಗ ಅದೇ ವಲಯದ ತಳದಲ್ಲಿ ಮುಕ್ತಾಯವಾಗುತ್ತಿದೆ. ಬಂದು ಹೋದ ಪ್ರತಿ ಸಲವೂ ಅಲ್ಲಿ ಕಾಯುತ್ತಿದ್ದವರಲ್ಲಿ ಒಂದಿಷ್ಟು ಜನರ ಆರ್ಡರ್ ಪೂರೈಸಿ ಹೋಗಿರುತ್ತದೆ. ‘ಐದು ಸಲ ತಡೆದಿದೆ, ಆರನೇ ಸಲವೂ ತಡೆಯುತ್ತದೆ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಬಹಳ ಸಲ ತಟ್ಟಿಸಿಕೊಂಡ ವಲಯದ ಹಿಂದೆ ಕೊಳ್ಳುವವರು ಕಡಿಮೆಯಾಗಿರುವ ಸಾಧ್ಯತೆಯೇ ಹೆಚ್ಚು. ಪುಟಿತವೂ ಪ್ರತಿ ಸಲ ಕುಗ್ಗುತ್ತಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ.

ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಜಗತ್ತಿನ ಬಹುತೇಕ ದೇಶಗಳ ಸರಕಿನ ಮೇಲೆ ಸುಂಕ ಪ್ರಕಟಿಸಿದರು. ಏಪ್ರಿಲ್ 6ರ ಭಾನುವಾರ ಸೊಲಾನದ ಮುಕ್ತಾಯ 106ರ ಸುತ್ತ. ಇದು ವಲಯದ ಕೆಳ ಅಂಚಿಗಿಂತ 12 ಡಾಲರ್ ಕೆಳಗೆ, ಒಂದು ಇಡೀ ವಲಯದಷ್ಟು ದೂರ. ಆಗಸ್ಟ್ 5ಕ್ಕೂ ಈ ದಿನಕ್ಕೂ ಇರುವ ವ್ಯತ್ಯಾಸ ಇದೇ. ಅಂದು ಕೆಳಗೆ ಹೋದ ಬೆಲೆ ಕ್ಯಾಂಡಲ್ ಮುಗಿಯುವುದರೊಳಗೆ ಹಿಂದಿರುಗಿತ್ತು, ಈ ಸಲ ಕೆಳಗೇ ಉಳಿಯಿತು. ಮರುದಿನ 95ರವರೆಗೆ ಇಳಿಯಿತು. ದಿನದ ಮುಕ್ತಾಯ ಕೆಳ ಅಂಚಿನಿಂದ ಅರ್ಧ ಎಟಿಆರ್‌ಗಿಂತ ಹೆಚ್ಚು ಕೆಳಗಾದರೆ ಹೊರಬರುತ್ತೇನೆ ಎಂದು ಬರೆದಿಟ್ಟವರು ಏಪ್ರಿಲ್ 7ರ ಬೆಳಿಗ್ಗೆ ಐದೂವರೆಗೆ ಹೊರಬರಬೇಕಿತ್ತು.

ಆದರೆ ಏಪ್ರಿಲ್ 9ರಂದು ಹೆಚ್ಚಿನ ಸುಂಕಗಳನ್ನು 90 ದಿನ ತಡೆಹಿಡಿದರು. ಆ ವಾರ ಮುಗಿಯುವ ಹೊತ್ತಿಗೆ ಸೊಲಾನ ಮತ್ತೆ 130 ತಲುಪಿತ್ತು. ನಿಯಮ ಪಾಲಿಸಿ 106ಕ್ಕೆ ಮಾರಿದವರಿಗೆ ಇದು ನೋವಿನ ವಿಷಯವೇ. ಹಾಗಿದ್ದರೂ ನಿಯಮ ತಪ್ಪು ಎನ್ನಲಾರೆ. ಸುಂಕದ ನಿರ್ಧಾರ ಬದಲಾಗುತ್ತದೆಂದು ಚಾರ್ಟ್ ನೋಡಿ ತಿಳಿಯಲು ಸಾಧ್ಯವಿರಲಿಲ್ಲ, ಬದಲಾಗದೇ ಹೋಗಿದ್ದರೆ ಬೆಲೆ 95ರಲ್ಲಿ ನಿಲ್ಲುತ್ತಿತ್ತೆಂಬ ಖಾತ್ರಿಯೂ ಇರಲಿಲ್ಲ. ಹಿಂದೆ ಕೊಳ್ಳುವವರು ಎಲ್ಲಿದ್ದರು ಎಂಬುದನ್ನಷ್ಟೇ ವಲಯ ತೋರಿಸುತ್ತದೆ, ನಾಳೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ಮುರಿದ ವಲಯದೊಳಗೆ ಬೆಲೆ ಮತ್ತೆ ಬಂದು ಮೇಲಿನ ಅಂಚಿನ ಮೇಲೆ ಮುಕ್ತಾಯವಾದರೆ, ಅದನ್ನು ಹೊಸ ಮಾಹಿತಿ ಎಂದು ತೆಗೆದುಕೊಂಡು ಮತ್ತೆ ಕೊಳ್ಳಬಹುದೇ ಎಂದು ಯೋಚಿಸಬೇಕು.

ಭಾರತದಲ್ಲಿ ಕುಳಿತು ಇದನ್ನು ಮಾಡುವವರು ಇನ್ನೆರಡು ವಿಷಯ ಗಮನಿಸಬೇಕು. ಒಂದು, ರೂಪಾಯಿ ಚಾರ್ಟ್. ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ಸೊಲಾನದ ರೂಪಾಯಿ ಬೆಲೆ ಇರುತ್ತದೆ. ಆದರೆ ಅಲ್ಲಿ ವಹಿವಾಟು ಕಡಿಮೆ. ಡಾಲರಿಗೆ ಸಮನಾದ ಯುಎಸ್‌ಡಿಟಿ ನಾಣ್ಯವೂ ಇಲ್ಲಿ ಬಹುತೇಕ ಬ್ಯಾಂಕಿನ ಡಾಲರ್ ದರಕ್ಕಿಂತ ದುಬಾರಿ, ಆ ವ್ಯತ್ಯಾಸ ದಿನದಿಂದ ದಿನಕ್ಕೆ ಬದಲಾಗುತ್ತದೆ. ಅದರಿಂದಾಗಿ ರೂಪಾಯಿ ಚಾರ್ಟಿನಲ್ಲಿ ಕಾಣುವ ತಳಗಳಲ್ಲಿ ಸೊಲಾನದ ಏರಿಳಿತದ ಜೊತೆ ಯುಎಸ್‌ಡಿಟಿಯ ಏರಿಳಿತವೂ ಬೆರೆತಿರುತ್ತದೆ. ವಹಿವಾಟು ದಟ್ಟವಾಗಿರುವ ಡಾಲರ್ ಚಾರ್ಟಿನಲ್ಲಿ ವಲಯ ಎಳೆದು, ಕೊಳ್ಳುವ ದಿನದ ದರಕ್ಕೆ ರೂಪಾಯಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೆರಿಗೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಅದರ ಮೇಲೆ ಸೆಸ್. ಒಂದು ವಹಿವಾಟಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಒಬ್ಬರು 120ರ ಗೆರೆಯ ಕೆಳಗೆ ಬಿಗಿಯಾಗಿ ಸ್ಟಾಪ್ ಇಟ್ಟು ಮೂರು ಸಲ 2,000 ರೂಪಾಯಿಯಂತೆ ಕಳೆದುಕೊಂಡು, ನಾಲ್ಕನೇ ಸಲ 10,000 ಗಳಿಸಿದರು ಎನ್ನಿ. ಕೈಗೆ ಬಂದದ್ದು 4,000. ತೆರಿಗೆ ಮಾತ್ರ ಪೂರ್ತಿ 10,000ದ ಮೇಲೆ, ಸೆಸ್ ಬಿಟ್ಟೇ 3,000. ಅದೇ 10,000 ಲಾಭವನ್ನು ಒಂದೇ ಸಲದ ನಷ್ಟದ ನಂತರ ಗಳಿಸಿದವರಿಗೆ ತೆರಿಗೆ ಕಟ್ಟಿದ ಮೇಲೂ 5,000 ಉಳಿಯುತ್ತದೆ. ಇದಲ್ಲದೆ 2022ರ ಜುಲೈನಿಂದ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸುವಾಗ ಅದು ಲೆಕ್ಕಕ್ಕೆ ಸಿಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಪ್ರತಿ ಮಾರಾಟದಲ್ಲೂ ಅಷ್ಟು ಹಣ ಕೈಬಿಟ್ಟಿರುತ್ತದೆ. ಗೆರೆಯ ಒಂದು ಡಾಲರ್ ಕೆಳಗೆ ಸ್ಟಾಪ್ ಇಟ್ಟು ಪದೇ ಪದೇ ಒಳಗೆ ಹೊರಗೆ ಮಾಡುವವರಿಗೆ ಇಲ್ಲಿನ ತೆರಿಗೆ ಪದ್ಧತಿಯಲ್ಲಿ ಬೆಲೆಯ ಅಂದಾಜು ಸರಿಯಾಗಿದ್ದರೂ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.